ಸುಮಾಳ ಪ್ರಗತಿ ಪತ್ರ: ಅಣ್ಣ, ವೈನಿಗೆ

ಅಣ್ಣಾ, ವೈನಿ,

ನಿನ್ನೆ ರಾತ್ರಿ ಬನಹಟ್ಟಿಯಿಂದ ಕಳಿಸಿದ ಸುಮಾಳ ಕಾರ್ಡಿನ ಫೋಟೊ ದೊಡ್ಡದು ಮಾಡಿಕೊಂಡು ಪೂರ್ತಿ ಓದಿದೆ. 9ನೇ ತರಗತಿಯ ಎಫ್‌ಎ-1, ಎಫ್‌ಎ-2 ಮತ್ತು ಎಸ್‌ಎ-1 ಅಂಕಗಳು ಅದರಲ್ಲಿವೆ. ಹಿಂದಿಯ ಎಸ್‌ಎ-1 ಅಂಕದ ಮೇಲೆ ಮಾತ್ರ ಅಣ್ಣನ ಹೆಬ್ಬೆರಳು ಕೂತಿದೆ! ಕೆಳಗೆ ಎಸ್‌ಎ-1ರ ಒಟ್ಟು 500ಕ್ಕೆ 323 ಅಂತಿದೆ. ಉಳಿದ ಐದು ವಿಷಯ ಕೂಡಿಸಿದರೆ 264 ಆಗುತ್ತದೆ. ಅಂದರೆ ಹಿಂದಿ 59 ಇರಬೇಕು. ಒಮ್ಮೆ ಕಾರ್ಡ್ ನೋಡಿ ಹೇಳಿ.

'ಎಲ್ಲದರಲ್ಲೂ ಹಿಂದೆ ಬಿದ್ದಾಳೆ' ಅಂತ ಅಣ್ಣ ಬರೆದಿದ್ದು ಸರಿಯಲ್ಲ. ಹಿಂದೆ ಬಿದ್ದಿರುವುದು ಗಣಿತದಲ್ಲಿ. ಇಂಗ್ಲಿಷಿನಲ್ಲಿ ಸ್ವಲ್ಪ. ಅಷ್ಟೇ.

ಗಣಿತ: 80ಕ್ಕೆ 29

ಎಫ್‌ಎ-1ರಲ್ಲಿ 50ಕ್ಕೆ 39, ಎಫ್‌ಎ-2ರಲ್ಲಿ 36 ಬಂದಿತ್ತು. ಅದನ್ನು ನೋಡಿ ನಾವೆಲ್ಲ ಸುಮ್ನಿದ್ದೆವು. ಆದರೆ ಆ 50ರಲ್ಲಿ 30 ಅಂಕ ಚಟುವಟಿಕೆಗೆ, 20 ಮಾತ್ರ ಬರವಣಿಗೆಗೆ. ಚಟುವಟಿಕೆಯಲ್ಲಿ ಎರಡೂ ಸಲ 28 ತೆಗೆದಿದ್ದಾಳೆ. ಬರವಣಿಗೆಯಲ್ಲಿ ಮೊದಲ ಸಲ 11, ಎರಡನೇ ಸಲ 8. ಚಾರ್ಟ್, ಮಾದರಿ ಚೆನ್ನಾಗಿ ಮಾಡುತ್ತಾಳೆ. ಲೆಕ್ಕ ಬಿಡಿಸುವಾಗ ಎಡವುತ್ತಾಳೆ. ಅದು ಎಸ್‌ಎ-1ರಲ್ಲಿ ಬಯಲಾಯಿತು.

ಕಾರಣ ಹುಡುಕಲು ಹಾಜರಾತಿ ಸಾಲು ನೋಡಿ. ಜೂನ್, ಜುಲೈ ಪೂರ್ತಿ ಹೋಗಿದ್ದಾಳೆ. ಆಗಸ್ಟ್‌ನಲ್ಲಿ 21 ದಿನಕ್ಕೆ 12. ಅವ್ವನ ಕಣ್ಣಿನ ಆಪರೇಷನ್ ಆದಾಗ ಇವಳೇ ಜೊತೆಗಿದ್ದಳು ಅಲ್ವಾ? ಆಗ ತಪ್ಪಿದ ಪಾಠವನ್ನು ಆಮೇಲೆ ಯಾರೂ ಹೇಳಿಕೊಟ್ಟಿಲ್ಲ. ಟೀಚರ್ ಕೂಡ 'ಬಹುಪದೋಕ್ತಿ, ಅಭ್ಯಾಸ ಸಾಲದು' ಅಂತ ಪೆನ್ನಿನಲ್ಲಿ ಬರೆದಿದ್ದಾರೆ. ಇದರಲ್ಲಿ ಅವಳ ಸೋಮಾರಿತನ ಏನೂ ಇಲ್ಲ.

ಹೋದ ತಿಂಗಳು ಇಲ್ಲಿಗೆ ಬಂದಾಗ (x + 3)² ಬಿಡಿಸು ಅಂದೆ. x² + 9 ಅಂತ ಬರೆದಳು. ನಡುವಿನ 6x ಬಿಟ್ಟುಹೋಗಿತ್ತು. ಇದು 8ನೇ ತರಗತಿಯ ಪಾಠ. ಆದ್ದರಿಂದ 9ರ ಪುಸ್ತಕ ಈಗಲೇ ತೆಗೆಯಬೇಡಿ. ಹಳೆಯ 8ನೇ ತರಗತಿ ಪುಸ್ತಕದಲ್ಲಿ ನಿತ್ಯಸಮೀಕರಣ, ಅಪವರ್ತನ ಎರಡನ್ನೇ ಹತ್ತು ದಿನ ಮಾಡಿಸಿ. ಆಮೇಲೆ ಬಹುಪದೋಕ್ತಿ.

ಎಷ್ಟು ಹೊತ್ತು ಅಂದರೆ ಬೆಳಿಗ್ಗೆ ಅರ್ಧ ಗಂಟೆ, ಮಗ್ಗ ಶುರುವಾಗುವ ಮೊದಲು. ದಿನಕ್ಕೆ ಐದೇ ಲೆಕ್ಕ. ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕದ ಉತ್ತರ ಮುಚ್ಚಿಕೊಂಡು ತಾನೇ ಬಿಡಿಸಲಿ, ಆಮೇಲೆ ಹೋಲಿಸಲಿ. ವೈನಿ, ನಿಮಗೆ ಬೀಜಗಣಿತ ಬರಬೇಕಿಲ್ಲ, ಎದುರಿಗೆ ಕೂತರೆ ಸಾಕು. ಈ ಅರ್ಧ ಗಂಟೆ ಮಾತ್ರ ಕಂಡಿಕೆ ಸುತ್ತಲು ಕರೆಯಬೇಡಿ. ಶನಿವಾರ ಸಂಜೆ ಆ ಪುಟಗಳ ಫೋಟೊ ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಹೆಬ್ಬೆರಳು ಬಿಟ್ಟು!

ಇಂಗ್ಲಿಷ್: 80ಕ್ಕೆ 41

ಓದುತ್ತಾಳೆ, ಅರ್ಥವೂ ಆಗುತ್ತದೆ. ಬರೆಯುವಾಗ ಸ್ಪೆಲಿಂಗ್ ಕೈಕೊಡುತ್ತದೆ, ಟೀಚರ್ ಕೂಡ ಅದನ್ನೇ ಬರೆದಿದ್ದಾರೆ. ರಾತ್ರಿ ಊಟದ ನಂತರ ಪಾಠದ ಎರಡು ಸಾಲು ಓದಿ, ಪುಸ್ತಕ ಮುಚ್ಚಿ ಬರೆಯಲಿ. ತೆರೆದು ತಪ್ಪನ್ನು ತಾನೇ ಗುರುತು ಹಾಕಲಿ. ಹತ್ತು ನಿಮಿಷದ ಕೆಲಸ.

ವಿಜ್ಞಾನ: 80ಕ್ಕೆ 52

ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಆದರೆ 'ಭಾಗಗಳ ಹೆಸರು ಬಿಟ್ಟಿದ್ದಾಳೆ' ಅಂತ ಷರಾ ಇದೆ. ಕೈಗೆ ಬಂದ ಅಂಕ ಹೋಗಿದೆ, ಬೇಜಾರಿನ ವಿಷಯ. ಭಾನುವಾರಕ್ಕೆ ಎರಡು ಚಿತ್ರ, ಹೆಸರಿನ ಸಮೇತ.

ಸಮಾಜ ವಿಜ್ಞಾನ 58, ಹಿಂದಿ 59

ಎರಡೂ 80ಕ್ಕೆ. ಈಗ ಇವುಗಳ ತಲೆಬಿಸಿ ಬೇಡ.

ಕನ್ನಡ: 100ಕ್ಕೆ 84

ಎಲ್ಲದಕ್ಕಿಂತ ಚೆನ್ನಾಗಿರುವ ವಿಷಯ. 'ಪ್ರಬಂಧ ತುಂಬಾ ಚೆನ್ನಾಗಿದೆ' ಅಂತ ಬರೆದಿದ್ದಾರೆ, ಅದನ್ನು ಅವಳಿಗೆ ಓದಿ ಹೇಳಿದಿರಾ? ಇಲ್ಲದಿದ್ದರೆ ಇವತ್ತೇ ಹೇಳಿ. ಗಣಿತ ಕಡಿಮೆ ಬಂತು ಅಂತ ಕಥೆ ಪುಸ್ತಕ ಕಸಿದುಕೊಳ್ಳಬೇಡಿ ಅಣ್ಣಾ.

ಟ್ಯೂಷನ್ ಬಗ್ಗೆ ಕೇಳಿದ್ದಿರಿ. ಸದ್ಯಕ್ಕೆ ಬೇಡ ಅನಿಸುತ್ತದೆ. ಟ್ಯೂಷನ್‌ನಲ್ಲಿ ಈಗಿನ ಪಾಠ ಓಡಿಸುತ್ತಾರೆ, ಇವಳಿಗೆ ಬೇಕಾಗಿರುವುದು ಬಿಟ್ಟುಹೋದ ಹಳೆಯ ಪಾಠ. ಎಫ್‌ಎ-3ರಲ್ಲಿ ಗಣಿತದ ಒಟ್ಟು ಅಂಕ ನೋಡಬೇಡಿ, ಬರವಣಿಗೆಯ 20ರಲ್ಲಿ ಎಷ್ಟು ಬಂತು ಅಷ್ಟೇ ನೋಡಿ. 12 ದಾಟಿದರೆ ದಾರಿ ಸರಿಯಿದೆ. ದಾಟದಿದ್ದರೆ ಆಗ ಟ್ಯೂಷನ್ ಮಾತಾಡೋಣ.

ಕಾರ್ಡಿಗೆ ಸಹಿ ಹಾಕಿ ಸೋಮವಾರ ವಾಪಸ್ ಕೊಡಬೇಕು ಅಂತಿದೆ. ಪಾಲಕರ ಅಭಿಪ್ರಾಯದ ಜಾಗ ಖಾಲಿ ಬಿಡಬೇಡಿ. 'ಗಣಿತದ ಉತ್ತರ ಪತ್ರಿಕೆ ನೋಡಬೇಕಿತ್ತು, ಯಾವಾಗ ಬರಲಿ?' ಅಂತ ಬರೆಯಿರಿ.