ದಾರದ ಉಡಿದಾರ

"ನಡಿಯವ್ವ, ಊರಿಗೆ ಹೋಗಾನ. ಹನ್ನೊಂದಕ್ಕೆ ಬಸ್ ಐತೆ."

ತಿಪ್ಪಣ್ಣ ಎದ್ದು ಹೆಗಲ ಮೇಲಿನ ಟವೆಲ್ ಕೊಡವಿಕೊಂಡರು. ಸಿಟಿ ಸ್ಕ್ಯಾನ್ ರೂಮಿನ ಸಿಸ್ಟರ್ ಹೇಳಿದ್ದು ಒಂದೇ ಮಾತು. ಮೈಮೇಲಿರೋ ಬೆಳ್ಳಿ, ಬಂಗಾರ ಎಲ್ಲ ಬಿಚ್ಚಿಡಿ, ಉಡಿದಾರ ಕೂಡ.

ಊರಿನ ಆಶಾ ಕಾರ್ಯಕರ್ತೆ ಶಾಂತಮ್ಮ ಕೈ ಹಿಡಿದು ಎಳೆಯಲಿಲ್ಲ. ಹಿಂದೆಯೇ ನಡೆದಳು. ಈ ಮನುಷ್ಯನನ್ನು ಚಿತ್ರದುರ್ಗದವರೆಗೆ ಕರೆತರುವುದೇ ದೊಡ್ಡ ಕೆಲಸವಾಗಿತ್ತು. ಶೇಂಗಾ ಕೀಳುವಾಗ ಸೊಂಟ ಹಿಡಿದುಕೊಂಡು ಕೂತರೆ ಬಿಸಿಲು ಅಂದರು. ಉಚ್ಚೆ ಕೆಂಪಗೆ ಹೋದಾಗಲೂ ಉಷ್ಣ ಅಂದರು. ಕೊನೆಗೆ ತಿಪ್ಪಣ್ಣನ ಹೆಂಡತಿ ಬಂದು ಶಾಂತಮ್ಮನ ಬಾಗಿಲು ಬಡಿದಳು. ಹೊಟ್ಟೆ ಸ್ಕ್ಯಾನ್‌ನಲ್ಲಿ ಬಲಗಡೆ ಕಿಡ್ನಿಯಲ್ಲಿ ಒಂದು ಗಂಟು ಕಂಡಿತ್ತು. ಅದು ಎಂಥದ್ದು, ಎಷ್ಟು ಹರಡಿದೆ ಅಂತ ತಿಳಿಯಲು ಡಾಕ್ಟರು ಸಿಟಿ ಬರೆದಿದ್ದರು. ಬಣ್ಣದ ಔಷಧಿ ಕೊಟ್ಟು ಮಾಡೋದು. ಅದಕ್ಕೆ ಕಿಡ್ನಿ ತಡೆಯುತ್ತಾ ಅಂತ ನೋಡಲು ಕ್ರಿಯಾಟಿನಿನ್ ರಕ್ತ ಪರೀಕ್ಷೆಯೂ ಆಗಿತ್ತು. ಬಿಪಿಎಲ್ ಕಾರ್ಡು, ಆಧಾರು, ಹಳೇ ರಿಪೋರ್ಟು, ಎಲ್ಲ ಅವಳ ಬ್ಯಾಗಿನಲ್ಲೇ ಇದ್ದವು.

ಗೇಟಿನ ಹತ್ತಿರ ತಿಪ್ಪಣ್ಣ ನಿಂತರು. "ನಮ್ಮಪ್ಪಂದು ನಾನೇ ಹರಿದಿದ್ದೆ ಕಣವ್ವ. ಹೆಣ ಎತ್ತೋ ಮುಂಚೆ. ಉಡಿದಾರ ಬಿಚ್ಚೋದು ಆವಾಗ್ಲೇ."

ಇದಕ್ಕೆ ಏನು ಹೇಳೋದು? ಮೂಢನಂಬಿಕೆ ಅಂದುಬಿಡೋದು ಸುಲಭ. ಆದರೆ ಹಂಗಂದರೆ ತಿಪ್ಪಣ್ಣ ಬಸ್ ಹತ್ತುತ್ತಾರೆ, ಗಂಟು ಒಳಗೇ ಉಳಿಯುತ್ತೆ. ಶಾಂತಮ್ಮನ ಗಂಡನೂ ಉಡಿದಾರ ಇಲ್ಲದೆ ಒಂದು ದಿನ ಇದ್ದವನಲ್ಲ.

"ಮಾವ, ಇಲ್ಲೇ ಕೂತಿರು. ಬಂದೆ."

ಅವಳು ವಾಪಸ್ ಹೋಗಿ ಸ್ಕ್ಯಾನ್ ಮಾಡುವ ಹುಡುಗನನ್ನೇ ಕೇಳಿದಳು. "ಬೆಳ್ಳಿ ಇದ್ರೆ ಏನಾಗುತ್ತೆ ಸರ್?"

"ಅಪಾಯ ಏನಿಲ್ಲಮ್ಮ. ಅದರ ಸುತ್ತ ಚಿತ್ರದಲ್ಲಿ ಗೆರೆ ಗೆರೆ ಬರ್ತವೆ. ಅವರ ಉಡಿದಾರ ಕಿಡ್ನಿ ಮಟ್ಟಕ್ಕೇ ಇದೆ. ನೋಡಬೇಕಾದ್ದೇ ಕಾಣಲ್ಲ."

"ನೂಲಿನ ದಾರ ಇದ್ರೆ?"

"ಇರ್ಲಿ ಬಿಡಿ. ನೂಲು ಏನೂ ಮಾಡಲ್ಲ."

ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಕರಿ ದಾರ ಸಿಕ್ಕಿತು. ತಿಪ್ಪಣ್ಣ ಅದನ್ನು ಬೆರಳಲ್ಲಿ ಹೊಸೆದು ನೋಡಿದರು. ಎಷ್ಟೋ ಹೊತ್ತು ಮಾತಾಡಲಿಲ್ಲ.

"ಮೊದ್ಲು ಇದನ್ನ ಕಟ್ಟಿಕೋ ಮಾವ. ಆಮೇಲೆ ಬೆಳ್ಳೀದು ಬಿಚ್ಚು. ಒಂದು ಗಳಿಗೆನೂ ಬರೀ ಸೊಂಟ ಇರಲ್ಲ."

ಗಂಡಸರ ಬಾತ್‌ರೂಮಿಗೆ ಹೋಗಿ ಬಂದು ಬೆಳ್ಳಿ ಸರ ಅವಳ ಕೈಗಿಟ್ಟರು. ಅವಳು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು.

ಇನ್ನು ಉಸಿರಿನ ಪಾಠ. ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಳು. "ಮೆಷಿನ್ ಬಾವಿ ಥರ ಆಳ ಇರಲ್ಲ, ದೊಡ್ಡ ಬಳೆ ಅಷ್ಟೇ. ಎರಡೂ ಕಡೆ ತೆರೆದಿರುತ್ತೆ. ಮಂಚ ಒಳಗೆ ಹೋಗಿ ಹೊರಗೆ ಬರುತ್ತೆ. ಉಸಿರು ಎಳ್ಕೊಂಡು ಹಿಡ್ಕೋ ಅಂತಾರೆ. ಎಲ್ಲಿ, ಹಿಡಿ ನೋಡೋಣ."

ತಿಪ್ಪಣ್ಣ ಕೆನ್ನೆ ಉಬ್ಬಿಸಿದರು. ಪಕ್ಕದ ಬೆಂಚಿನ ಮಗು ನೋಡಿ ತಾನೂ ಉಬ್ಬಿಸಿತು.

"ಬಾಯಲ್ಲಿ ಅಲ್ಲ ಮಾವ, ಎದೆಯಲ್ಲಿ. ಆಮೇಲೆ ಔಷಧಿ ಬಿಟ್ಟಾಗ ಮೈಯೆಲ್ಲಾ ಬಿಸಿ ಆಗುತ್ತೆ. ಪಂಚೇಲೇ ಉಚ್ಚೆ ಹೋಯ್ತೇನೋ ಅನ್ಸುತ್ತೆ. ಹೋಗಿರಲ್ಲ. ಗಾಬರಿ ಬಿದ್ದು ಏಳಬೇಡ. ಉಸಿರು ಕಟ್ಟಿದಂಗೆ ಆದ್ರೆ, ಮೈ ಕೆರೆದ್ರೆ ಮಾತ್ರ ಕೂಗಿ ಹೇಳು."

ಈ ಮಾತನ್ನು ಆಸ್ಪತ್ರೆಯಲ್ಲಿ ಯಾರಾದರೂ ಕೂತು ಹೇಳಬೇಕಿತ್ತು. ಎಲ್ಲರಿಗೂ ಕೆಲಸ ಜಾಸ್ತಿ, ಹೊರಗೆ ಸಾಲು ಬೇರೆ. ಸಿಸ್ಟರ್ ಅಲರ್ಜಿ ಇದೆಯಾ, ಸಕ್ಕರೆ ಕಾಯಿಲೆ ಮಾತ್ರೆ ತಗೋತೀರಾ ಅಂತ ಕೇಳಿ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡು, ಕೈಗೆ ಸೂಜಿ ಕೊಳವೆ ಚುಚ್ಚಿದರು.

"ನೀನೂ ಬಾರವ್ವ ಒಳಗೆ."

"ಎಕ್ಸ್‌ರೇ ಇರುತ್ತೆ ಮಾವ, ಬಿಡಲ್ಲ. ಬಾಗಿಲ ಹತ್ರನೇ ಇರ್ತೀನಿ."

ಮೆಷಿನ್ ಇಂಗ್ಲಿಷಿನಲ್ಲಿ ಮಾತಾಡುತ್ತೆ ಅಂತ ಗೊತ್ತಾಗಿ ಶಾಂತಮ್ಮ ಆ ಹುಡುಗನಿಗೆ, "ಸರ್, ಉಸಿರು ಹಿಡೀರಿ ಅಂತ ನೀವೇ ಮೈಕಲ್ಲಿ ಹೇಳ್ರಿ" ಅಂತ ಬೇಡಿಕೊಂಡಳು. ಬಾಗಿಲು ಮುಚ್ಚಿದ ಮೇಲೆ ಒಳಗಿಂದ ಅವನ ದನಿ ಕೇಳಿಸಿತು. "ಅಜ್ಜಾ, ಉಸಿರು ಹಿಡ್ಕೋ. ಹಂಗೇ ಇರು. ಹಾ, ಈಗ ಬಿಡು." ಅವಳಿಗೆ ಗೊತ್ತಿಲ್ಲದೆ ಅವಳೂ ಹಿಡಿದು ಬಿಟ್ಟಳು.

ಕಾಲು ಗಂಟೆಯೊಳಗೆ ತಿಪ್ಪಣ್ಣ ಹೊರಗೆ ಬಂದರು. ಮೊದಲು ಪಂಚೆ ಮುಟ್ಟಿ ನೋಡಿಕೊಂಡರು.

"ನೀನು ಹೇಳ್ದಂಗೇ ಆತು ಕಣವ್ವ. ಬಿಸಿ. ನಾನು ಅಲ್ಲಾಡಲಿಲ್ಲ."

ಅರ್ಧ ಗಂಟೆ ಅಲ್ಲೇ ಕೂತು ಹೋಗಿ ಅಂದಿದ್ದರು. ಸೂಜಿ ತೆಗೆಸಿಕೊಂಡು ಕ್ಯಾಂಟೀನಿಗೆ ಹೋದರು. ರಾತ್ರಿಯಿಂದ ಖಾಲಿ ಹೊಟ್ಟೆ, ಎರಡು ಪ್ಲೇಟ್ ಇಡ್ಲಿ ಆಯಿತು. ಔಷಧಿ ಉಚ್ಚೆಯಲ್ಲಿ ಹೋಗಬೇಕು ಅಂತ ಶಾಂತಮ್ಮ ನೀರು ಕುಡಿಸುತ್ತಲೇ ಇದ್ದಳು. ಆಮೇಲೆ ಬ್ಯಾಗಿನ ಜಿಪ್ ತೆಗೆದಳು.

"ತಗೋ ಮಾವ, ನಿನ್ನ ಬೆಳ್ಳಿ."

"ನಿನ್ ಹತ್ರನೇ ಇರ್ಲಿ. ನಾಳೆ ರಿಪೋರ್ಟ್ ನೋಡಿ ಡಾಕ್ಟ್ರು ಮತ್ತೆ ಒಳಗೆ ಮಲಗು ಅಂದ್ರೆ? ಆಪ್ರೇಶನ್ನೇ ಅಂದ್ರೆ?" ತಿಪ್ಪಣ್ಣ ಲೋಟ ಕೆಳಗಿಟ್ಟರು. "ನಾಳೆ ಏನೇನು ಕೇಳ್ಬೇಕು ಅಂತ ಒಂದು ಚೀಟೀಲಿ ಬರ್ಕೋ. ಅಲ್ಲಿ ಹೋದ್ರೆ ನಂಗೆ ಮಾತು ಬರಲ್ಲ."

ಶಾಂತಮ್ಮ ಪೆನ್ ತೆಗೆದಳು. "ಹೇಳು. ಮೊದ್ಲು ಏನು?"

"ಮೊದ್ಲು, ಇದು ಕ್ಯಾನ್ಸರಾ ಅಂತ ಬರಿ."