ಪೀಣ್ಯದ ಸಮುದಾಯ ಭವನದಲ್ಲಿ ಹೊಸಬರಿಗೆ ಸ್ವಾಗತದ ಮಾತು

ಎಲ್ಲರಿಗೂ ನಮಸ್ಕಾರ. ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ ಕಡೆಯಿಂದ ಬಂದಿರುವ ಅಣ್ಣಂದಿರೇ, ಅಕ್ಕಂದಿರೇ, ಬನ್ನಿ, ಕೂತ್ಕೊಳ್ಳಿ. ಬಾಗಿಲ ಹತ್ತಿರ ನಿಂತವರು ಮುಂದೆ ಬನ್ನಿ, ಚಾಪೆ ಮೇಲೆ ಇನ್ನೂ ಜಾಗ ಇದೆ. ಚಹಾ ಕಾಯುವಷ್ಟರಲ್ಲಿ ಮಾತು ಮುಗಿಸುತ್ತೇನೆ.

ಈ ಭವನ ಬುಧವಾರ, ಶುಕ್ರವಾರ ಸಂಜೆ 6.30ರಿಂದ 8.30ರವರೆಗೆ, ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ತೆರೆದಿರುತ್ತದೆ. ಕೆಲಸ ಬಿಟ್ಟು, ಕೂಲಿ ಕಳೆದುಕೊಂಡು ಬರಬೇಡಿ ಅಂತಲೇ ಸಂಜೆ ಹೊತ್ತು ಇಟ್ಟಿದ್ದೇವೆ. ಅರ್ಜಿ ತುಂಬಿಕೊಡುತ್ತೇವೆ, ಬಂದ ಪತ್ರ ಓದಿ ಹೇಳುತ್ತೇವೆ, ಕಚೇರಿಗೋ ಆಸ್ಪತ್ರೆಗೋ ಜೊತೆಗೆ ಬರುತ್ತೇವೆ. ಯಾವುದಕ್ಕೂ ದುಡ್ಡಿಲ್ಲ. ಅಸಲು ಕಾಗದ ನಾವು ಇಟ್ಟುಕೊಳ್ಳುವುದಿಲ್ಲ, ಜೆರಾಕ್ಸ್ ಮಾಡಿಸಿ ನಿಮ್ಮ ಕೈಗೇ ವಾಪಸ್. ಫೋನಿಗೆ ಬರುವ ಓಟಿಪಿಯನ್ನು ನಮಗೂ ಹೇಳಬೇಡಿ, ನೀವೇ ಒತ್ತಿ.

ಮೊದಲು ರೇಷನ್ ವಿಚಾರ, ಯಾಕಂದ್ರೆ ಹೆಚ್ಚು ಒದ್ದಾಟ ಇದರಲ್ಲೇ. ಕಾರ್ಡು ಊರಿನದ್ದಾದರೂ ಅಕ್ಕಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಸಿಗುತ್ತದೆ. ಹೊಸ ಕಾರ್ಡು ಮಾಡಿಸಿಕೊಡ್ತೀನಿ ಅಂತ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡುವ ಮುಂಚೆ ಇಲ್ಲಿಗೆ ಬನ್ನಿ. ಅಂಗಡಿಗೆ ಹೋಗುವಾಗ ಕಾರ್ಡಿನ ನಂಬರು, ಆಧಾರ್ ಎರಡೂ ಇರಲಿ. ಊರಲ್ಲಿ ಅವ್ವ ಅಪ್ಪ ಅದೇ ಕಾರ್ಡಿನಲ್ಲಿ ಅಕ್ಕಿ ತರುತ್ತಿದ್ದರೆ ಮೊದಲು ಅವರಿಗೊಂದು ಫೋನ್ ಮಾಡಿ. ಒಂದು ತಿಂಗಳ ಪಾಲು ಒಮ್ಮೆ ಎತ್ತಿದರೆ ಅದೇ ಪಾಲು ಮತ್ತೆ ಸಿಗುವುದಿಲ್ಲ.

ಇನ್ನು ಹೆಬ್ಬೆಟ್ಟು. ಸಿಮೆಂಟು, ಸುಣ್ಣದಲ್ಲಿ ಕೆಲಸ ಮಾಡುವವರ ಬೆರಳಿನ ಗೆರೆ ಸವೆದಿರುತ್ತದೆ, ಮಿಷನ್ನು ಹಿಡಿಯುವುದಿಲ್ಲ. ಅಂಗಡಿಯವರು "ನಾಳೆ ಬಾ" ಅಂದರೆ ಸುಮ್ಮನೆ ಬರಬೇಡಿ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಬೇರೆ ಬೆರಳು ಇಟ್ಟು ನೋಡಿ. ಉಂಗುರದ ಬೆರಳಿನ ಗೆರೆ ಎಷ್ಟೋ ಸಲ ಉಳಿದಿರುತ್ತದೆ. ಒದ್ದೆ ಬೆರಳನ್ನೂ ಮಿಷನ್ನು ಒಪ್ಪುವುದಿಲ್ಲ. ಆಗಲಿಲ್ಲವೆಂದರೆ ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಹೆಬ್ಬೆಟ್ಟು ಕೊಡಬಹುದು. ಯಾರದ್ದೂ ಬರದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಬೇಕು, ನಾವೇ ಕರೆದುಕೊಂಡು ಹೋಗುತ್ತೇವೆ. ಸಿಮ್ ಬದಲಾಯಿಸಿದವರು ಅದೇ ದಿನ ಮೊಬೈಲ್ ನಂಬರೂ ಸರಿಮಾಡಿಸಿಕೊಳ್ಳಿ. ಅಲ್ಲಿ ರಸೀದಿಯಲ್ಲಿ ಬರೆದಷ್ಟೇ ಹಣ ಕೊಡಿ.

ಮಕ್ಕಳ ಶಾಲೆಗೆ ಟಿ.ಸಿ. ಇನ್ನೂ ಊರಿಂದ ಬಂದಿಲ್ಲ ಅಂತ ಕಾಯುತ್ತಾ ಕೂರಬೇಡಿ. ಟಿ.ಸಿ. ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಜನನ ಪತ್ರ ಇಲ್ಲದಿದ್ದರೂ ಅಷ್ಟೇ. ಮಗು ಎಷ್ಟನೇ ತರಗತಿಯವರೆಗೆ ಓದಿದೆ, ಯಾವ ಶಾಲೆ ಅನ್ನುವುದು ಗೊತ್ತಿದ್ದರೆ ಸಾಕು. ಮೂರರಿಂದ ಆರು ವರ್ಷದವರನ್ನು ಕೆಲಸದ ಜಾಗಕ್ಕೆ ಕರೆದೊಯ್ಯಬೇಡಿ, ಅಂಗನವಾಡಿಗೆ ಕಳಿಸಿ. ಬಸುರಿಯರು ಊರಿನ ತಾಯಿ ಕಾರ್ಡು ತಂದಿದ್ದರೆ ಆಶಾ ಅಕ್ಕನಿಗೆ ತೋರಿಸಿ. ಜ್ವರ, ಕೆಮ್ಮಿಗೆ ಸರ್ಕಾರದ "ನಮ್ಮ ಕ್ಲಿನಿಕ್" ಇದೆ. ಆಂಬುಲೆನ್ಸಿಗೆ 108.

ಬಸ್ಸಿನಲ್ಲಿ ಅಕ್ಕಂದಿರಿಗೆ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿಗೆ ಮಾತ್ರ. ಎ.ಸಿ. ಬಸ್ಸಿಗೂ ಮೆಟ್ರೋಗೂ ಇಲ್ಲ. ದುಡ್ಡಿಲ್ಲ ಅಂತ ಹಾಗೇ ಕೂರಬೇಡಿ, ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ತೆಗೆದುಕೊಂಡು ಇಳಿಯುವವರೆಗೆ ಇಟ್ಟುಕೊಳ್ಳಿ. ಟಿಕೆಟ್ ಇಲ್ಲದಿದ್ದರೆ ದಂಡ ಬೀಳುತ್ತದೆ.

ಅಡುಗೆಗೆ 5 ಕೆ.ಜಿ.ಯ ಚಿಕ್ಕ ಸಿಲಿಂಡರು ಗ್ಯಾಸ್ ಏಜೆನ್ಸಿಯಲ್ಲಿ ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿಯೊಂದರ ಮೇಲೆ ಸಿಗುತ್ತದೆ. ಗಲ್ಲಿ ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ತುಂಬಿಸಿಕೊಡುವುದನ್ನು ಮಾತ್ರ ತರಬೇಡಿ. ಅದರಲ್ಲಿ ತೂಕಕ್ಕೂ ಲೆಕ್ಕವಿಲ್ಲ, ವಾಲ್ವಿಗೂ ಭರವಸೆಯಿಲ್ಲ, ನೀವಿರುವುದು ತಗಡಿನ ಶೆಡ್ಡು.

ಕಾವೇರಿ ನೀರು ದಿನಾ ಬರುವುದಿಲ್ಲ, ನಿಮ್ಮ ಬೀದಿಗೆ ಯಾವ ದಿನ ಅಂತ ಪಕ್ಕದ ಮನೆಯವರನ್ನು ಕೇಳಿಟ್ಟುಕೊಳ್ಳಿ. ಕಸ ಹಸಿ ಬೇರೆ, ಒಣ ಬೇರೆ. ಹಸಿ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟರೆ ಗಾಡಿಯವರು ತೆಗೆದುಕೊಳ್ಳುವುದಿಲ್ಲ, ಬಕೆಟ್ಟಿನಲ್ಲೇ ಕೊಡಿ.

ಕಟ್ಟಡ ಕೆಲಸದವರು ಲೇಬರ್ ಕಾರ್ಡು ಮಾಡಿಸಿ. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪತ್ರ ಬೇಕು. ಆ ಪತ್ರಕ್ಕೆ ಸಹಿಯನ್ನು ಸೈಟು ಮುಗಿಯುವ ಮೊದಲೇ ಹಾಕಿಸಿಕೊಳ್ಳಿ. ಸ್ಲ್ಯಾಬು ಎದ್ದ ಮೇಲೆ ಗುತ್ತಿಗೆದಾರರು ಬೇರೆ ಕಡೆ ಹೋಗಿಬಿಡುತ್ತಾರೆ, ಮೇಸ್ತ್ರಿ ಫೋನು ಎತ್ತುವುದಿಲ್ಲ.

ಈಗ ಚಹಾ ಕುಡಿಯಿರಿ. ಎಡಗಡೆ ಮೇಜಿನಲ್ಲಿ ಶಾಲೆಗೆ ಸೇರಬೇಕಾದ ಮಕ್ಕಳ ಹೆಸರು ಬರೆಸಿ, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಇಲ್ಲಿಂದಲೇ ಎಲ್ಲರೂ ಹೊರಡೋಣ. ಬಲಗಡೆ ಆಧಾರ್, ರೇಷನ್. ಯಾವ ಮೇಜು ಅಂತ ಗೊತ್ತಾಗದವರು ನನ್ನ ಹತ್ತಿರ ಬನ್ನಿ.