ಭಾನುವಾರ ರಕ್ತದಾನ ಶಿಬಿರ: ‘ಕೊಡಬೇಕು ಅಂತಿದೆ, ಆದರೆ…’ ಅನ್ನುವವರಿಗೆ

ಬಡಾವಣೆಯ ಎಲ್ಲರಿಗೂ ನಮಸ್ಕಾರ.

ಜೂನ್ 14, 2026ರ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ನಮ್ಮ ಸಮುದಾಯ ಭವನದ ನೆಲಮಹಡಿಯಲ್ಲಿ ರಕ್ತದಾನ ಶಿಬಿರ ಇದೆ. ರಕ್ತನಿಧಿಯ ವೈದ್ಯರು, ತಂತ್ರಜ್ಞರು ಬರುತ್ತಾರೆ, ಆರು ಮಂಚ ಹಾಕಿರುತ್ತೇವೆ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ 1868ರಲ್ಲಿ ಹುಟ್ಟಿದ್ದು ಇದೇ ತಾರೀಖಿನಂದು, ಅದಕ್ಕೇ ಇದು ವಿಶ್ವ ರಕ್ತದಾನಿಗಳ ದಿನ.

ಹೆಸರು ಬರೆಸಿ ಅಂದಾಗ ‘ಕೊಡಬೇಕು ಅಂತಿದೆ, ಆದರೆ…’ ಅನ್ನುವವರೇ ಹೆಚ್ಚು. ಆ ‘ಆದರೆ’ಗಳನ್ನು ಒಂದೊಂದಾಗಿ ನೋಡೋಣ.

‘ಸೂಜಿಯಿಂದ ಏನಾದರೂ ಅಂಟಿಕೊಂಡರೆ?’

ಅಂಟುವುದಿಲ್ಲ. ಮಂಚದ ಮೇಲೆ ಮಲಗಿದಾಗ ನೀವೇ ಕಣ್ಣಾರೆ ನೋಡಿ. ರಕ್ತ ತುಂಬುವ ಚೀಲ, ಅದರ ಕೊಳವೆ, ಕೊಳವೆಯ ತುದಿಯ ಸೂಜಿ ಮೂರೂ ಕಾರ್ಖಾನೆಯಲ್ಲೇ ಒಂದಾಗಿ ಜೋಡಿಸಿ, ಕ್ರಿಮಿಶುದ್ಧ ಮಾಡಿ, ಮುಚ್ಚಿ ಬಂದಿರುತ್ತವೆ. ಸೂಜಿಯನ್ನು ಬಿಚ್ಚಿ ಇನ್ನೊಂದು ಚೀಲಕ್ಕೆ ಹಾಕಲು ಬರುವುದೇ ಇಲ್ಲ. ಮುಗಿದ ಕೂಡಲೇ ಕೊಳವೆಗೆ ಸೀಲ್ ಹಾಕಿ ಸೂಜಿಯನ್ನು ಕತ್ತರಿಸಿ ಬಿಸಾಡುತ್ತಾರೆ. ಪೊಟ್ಟಣವನ್ನು ನಿಮ್ಮೆದುರೇ ಒಡೆಯಲು ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

‘ರಕ್ತ ಕೊಟ್ಟರೆ ಸುಸ್ತಾಗಿಬಿಡುತ್ತೇನೆ’

ತೆಗೆಯುವುದು 350 ಮಿಲೀ. 55 ಕೆಜಿ ದಾಟಿದವರಿಂದ 450 ಮಿಲೀ ತೆಗೆಯಬಹುದು. ಮೈಯಲ್ಲಿರುವ ರಕ್ತದ ಅಂದಾಜು ಹತ್ತನೇ ಒಂದು ಪಾಲು ಇದು. ಹೋದ ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬುತ್ತದೆ. ಕೆಂಪು ಕಣಗಳು ಹುಟ್ಟಿಕೊಳ್ಳಲು ನಾಲ್ಕರಿಂದ ಎಂಟು ವಾರ ಬೇಕು. ಕಬ್ಬಿಣದ ಅಂಶ ಮಾತ್ರ ಇನ್ನೂ ನಿಧಾನ. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಮೊದಲು ಮತ್ತೆ ಕೊಡಬಾರದು ಅನ್ನುವುದು ಅದಕ್ಕೇ. ಒಮ್ಮೆ ಕೊಟ್ಟರೆ ಕೊಡುತ್ತಲೇ ಇರಬೇಕಾಗುತ್ತದೆ, ಇಲ್ಲದಿದ್ದರೆ ರಕ್ತ ಹೆಚ್ಚಾಗಿ ತೊಂದರೆಯಾಗುತ್ತದೆ ಅನ್ನುವ ಮಾತು ಬರೀ ಸುಳ್ಳು. ದೇಹ ತನಗೆ ಬೇಕಾದಷ್ಟು ಮಾಡಿಕೊಂಡು ನಿಲ್ಲಿಸುತ್ತದೆ.

ಕೊಡುವಷ್ಟು ರಕ್ತ ನಿಮ್ಮಲ್ಲಿ ಇದೆಯೇ ಎಂದು ಮೊದಲೇ ನೋಡುತ್ತಾರೆ. ಬೆರಳ ತುದಿಗೆ ಚುಚ್ಚಿ ಒಂದು ಹನಿಯನ್ನು ನೀಲಿ ಮೈಲುತುತ್ತದ ದ್ರಾವಣಕ್ಕೆ ಬಿಡುತ್ತಾರೆ. ದ್ರಾವಣದ ಸಾಂದ್ರತೆಯನ್ನು ಅಳತೆ ಮಾಡಿ ಹೊಂದಿಸಿರುತ್ತಾರೆ. ಹನಿ ಕೂಡಲೇ ತಳ ಸೇರಿದರೆ ಹಿಮೋಗ್ಲೋಬಿನ್ 12.5 ಗ್ರಾಂಗೆ ಕಡಿಮೆಯಿಲ್ಲ ಎಂದರ್ಥ. ಹನಿ ತೇಲಿದರೆ, ಅಥವಾ ನಡುವೆ ತೂಗಾಡಿದರೆ, ಅಂದು ನಿಮ್ಮಿಂದ ತೆಗೆಯುವುದಿಲ್ಲ. ಹಾಗೆ ವಾಪಸ್ ಕಳಿಸಿದರೆ ನಾಚಿಕೆಪಡಬೇಡಿ, ವೈದ್ಯರನ್ನು ಕಂಡು ರಕ್ತ ಯಾಕೆ ಕಡಿಮೆಯಿದೆ ಎಂದು ಪರೀಕ್ಷೆ ಮಾಡಿಸಿಕೊಳ್ಳಿ.

‘ತಲೆ ಸುತ್ತಿ ಬಿದ್ದುಬಿಟ್ಟರೆ?’

ಈ ಭಯಕ್ಕೆ ಆಧಾರವಿದೆ, ಮುಚ್ಚಿಡುವುದಿಲ್ಲ. ಕೆಲವರಿಗೆ, ಅದರಲ್ಲೂ ಮೊದಲ ಸಲ ಕೊಡುವವರಿಗೆ, ತೂಕ ಕಡಿಮೆ ಇರುವವರಿಗೆ, ಕಣ್ಣು ಕತ್ತಲೆ ಬರುವುದುಂಟು. ಹೆದರಿಕೆಯಿಂದ ನಾಡಿ ನಿಧಾನವಾಗಿ, ರಕ್ತನಾಳಗಳು ಸಡಿಲಗೊಂಡು, ಬಿಪಿ ಒಮ್ಮೆಲೇ ಇಳಿಯುತ್ತದೆ. ಖಾಲಿ ಹೊಟ್ಟೆ, ನಿದ್ದೆಗೆಟ್ಟ ರಾತ್ರಿ, ನೀರು ಕುಡಿಯದಿರುವುದು ಇದನ್ನು ಹೆಚ್ಚಿಸುತ್ತವೆ.

ತಡೆಯುವ ದಾರಿಯೂ ಸುಲಭ. ಹಿಂದಿನ ರಾತ್ರಿ ಚೆನ್ನಾಗಿ ಮಲಗಿ. ತಿಂಡಿ ತಿಂದು ಬನ್ನಿ, ಉಪವಾಸವಿದ್ದರೆ ಅಂದು ಬರಬೇಡಿ. ಸರದಿ ಬರುವ ಮುನ್ನ ಅರ್ಧ ಲೀಟರ್ ನೀರು ಕುಡಿಯಿರಿ, ಲೋಟಗಳನ್ನು ಇಟ್ಟಿರುತ್ತೇವೆ. ಮಲಗಿರುವಾಗ ತೊಡೆ, ಮೀನಖಂಡಗಳನ್ನು ಐದು ಸೆಕೆಂಡ್ ಬಿಗಿಹಿಡಿದು ಸಡಿಲ ಬಿಡುತ್ತಿರಿ. ಬಿಪಿ ಇಳಿಯದಂತೆ ನೋಡಿಕೊಳ್ಳಲು ಇದು ನಿಜವಾಗಿ ಕೆಲಸ ಮಾಡುತ್ತದೆ. ಸೂಜಿ ನೋಡಲಾಗದಿದ್ದರೆ ಮುಖ ಆಚೆ ತಿರುಗಿಸಿ ಯಾರೊಂದಿಗಾದರೂ ಮಾತಾಡುತ್ತಿರಿ.

ಜನ ಬೀಳುವುದು ಹೆಚ್ಚಾಗಿ ಮಂಚದ ಮೇಲಲ್ಲ, ಎದ್ದ ಮೇಲೆ. ‘ನನಗೇನೂ ಆಗಿಲ್ಲ’ ಎಂದು ದಡಬಡನೆ ಎದ್ದು ಸ್ಕೂಟರ್ ಹತ್ತಿರ ಹೋಗುತ್ತಾರೆ. ಹಾಗೆ ಮಾಡಬೇಡಿ. ಮುಗಿದ ಮೇಲೆ ಐದು ನಿಮಿಷ ಮಲಗಿಯೇ ಇರಿ, ಕಾಲು ಇಳಿಬಿಟ್ಟು ಸ್ವಲ್ಪ ಕೂತು ನಂತರ ನಿಲ್ಲಿ. ಉಪಾಹಾರದ ಮೇಜಿನ ಹತ್ತಿರ ಹದಿನೈದು ನಿಮಿಷ ಕೂರುವುದು ಕಡ್ಡಾಯ. ಬೆವರು, ಆಕಳಿಕೆ, ಕಿವಿಯಲ್ಲಿ ಗುಂಯ್ ಎನ್ನುವುದು ಶುರುವಾದರೆ ತಕ್ಷಣ ಹೇಳಿ, ಅಲ್ಲೇ ಮಲಗಿ ಕಾಲು ಎತ್ತರಕ್ಕಿಡಿ. ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ.

‘ನೋವಾಗುತ್ತದಲ್ಲವೇ?’

ಚುಚ್ಚುವಾಗ ಚುರುಕ್ ಅನ್ನುತ್ತದೆ. ಸೂಜಿ ದಪ್ಪ ಇರುವುದು ನಿಜ, ಸಣ್ಣ ಸೂಜಿಯಾದರೆ ರಕ್ತ ನಿಧಾನವಾಗಿ ಹರಿದು ಕೊಳವೆಯಲ್ಲೇ ಹೆಪ್ಪುಗಟ್ಟಬಹುದು. ಐದರಿಂದ ಹತ್ತು ನಿಮಿಷದಲ್ಲಿ ಚೀಲ ತುಂಬುತ್ತದೆ. ಅಷ್ಟೂ ಹೊತ್ತು ನೋವು ಮುಂದುವರಿದರೆ, ಕೈ ಜುಮ್ಮೆಂದರೆ, ಸುಮ್ಮನಿರದೆ ಹೇಳಿ. ಬೇಡ ಅನ್ನಿಸಿದರೆ ಅರ್ಧಕ್ಕೇ ನಿಲ್ಲಿಸಲು ನಿಮಗೆ ಪೂರ್ತಿ ಹಕ್ಕಿದೆ.

ಆಮೇಲೆ ನೀಲಿಗಟ್ಟುವುದಕ್ಕೆ ಬಹಳ ಸಲ ಕಾರಣ ನಮ್ಮದೇ ಅಭ್ಯಾಸ. ಹತ್ತಿ ಇಟ್ಟ ಕೂಡಲೇ ಮೊಣಕೈ ಮಡಚಿಕೊಳ್ಳುತ್ತೇವೆ. ಕೈಯನ್ನು ನೇರವಾಗಿ ಚಾಚಿ, ಚುಚ್ಚಿದ ಜಾಗವನ್ನು ಬೆರಳಿನಿಂದ ಐದು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಿರಿ. ಪಟ್ಟಿಯನ್ನು ನಾಲ್ಕೈದು ಗಂಟೆ ಬಿಚ್ಚಬೇಡಿ. ಅಂದು ಆ ಕೈಯಲ್ಲಿ ಭಾರ ಎತ್ತುವುದು, ಜಿಮ್, ಏಣಿ ಹತ್ತುವ ಕೆಲಸ ಬೇಡ.

‘ಬಿಪಿ, ಶುಗರ್ ಇದೆ, ನಮ್ಮದು ನಡೆಯುತ್ತಾ?’

ವಯಸ್ಸು 18ರಿಂದ 65ರೊಳಗೆ, ತೂಕ ಕನಿಷ್ಠ 45 ಕೆಜಿ ಇರಬೇಕು. ಹೆಂಗಸರೂ ಕೊಡಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಅಂದು ಮುಟ್ಟಾಗಿರುವವರು ಬೇಡ. ಬಿಪಿ, ಶುಗರ್ ಮಾತ್ರೆಯಲ್ಲಿ ಹತೋಟಿಯಲ್ಲಿದ್ದರೆ ವೈದ್ಯರು ನೋಡಿ ಹೇಳುತ್ತಾರೆ, ಇನ್ಸುಲಿನ್ ತೆಗೆದುಕೊಳ್ಳುವವರಿಂದ ತೆಗೆಯುವುದಿಲ್ಲ. ಹಚ್ಚೆ ಹಾಕಿಸಿಕೊಂಡು, ಕಿವಿ ಮೂಗು ಚುಚ್ಚಿಸಿಕೊಂಡು ವರ್ಷವಾಗದವರು ಮುಂದಿನ ಶಿಬಿರಕ್ಕೆ ಬನ್ನಿ. ಹಿಂದಿನ ದಿನ ಮದ್ಯ ಕುಡಿದವರು, ಜ್ವರ ಕೆಮ್ಮು ಇರುವವರು, ಆಂಟಿಬಯೋಟಿಕ್ ನುಂಗುತ್ತಿರುವವರೂ ಅಷ್ಟೇ. ಮಾತ್ರೆಗಳ ಚೀಟಿ ಕೈಯಲ್ಲೇ ತನ್ನಿ, ‘ಯಾವುದೋ ಬಿಳಿ ಮಾತ್ರೆ’ ಅಂದರೆ ವೈದ್ಯರಿಗೂ ಕಷ್ಟ.

ಒಂದು ವಿನಂತಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಯನ್ನು ಪ್ರತಿ ಚೀಲದ ರಕ್ತಕ್ಕೂ ಮಾಡುತ್ತಾರೆ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಯೂ ಅದನ್ನು ಹಿಡಿಯಲಾರದು. ಆದ್ದರಿಂದ ಪುಕ್ಕಟೆ ಪರೀಕ್ಷೆಯಾಗುತ್ತದೆ ಎಂದು ಬರಬೇಡಿ. ಪ್ರಶ್ನೆಪತ್ರಕ್ಕೆ ನಿಜವನ್ನೇ ಬರೆಯಿರಿ. ಗೆಳೆಯರ ಒತ್ತಾಯಕ್ಕೆ ಬಂದು ಹೇಳಲಾಗದೆ ಕೊಟ್ಟುಬಿಟ್ಟಿದ್ದರೂ, ಆಮೇಲೆ ವೈದ್ಯರಿಗೆ ಗುಟ್ಟಾಗಿ ‘ನನ್ನದನ್ನು ಬಳಸಬೇಡಿ’ ಎನ್ನಿ, ಅಷ್ಟು ಸಾಕು.

‘ನಂದು ಒ ಪಾಸಿಟಿವ್, ಎಲ್ಲರ ಹತ್ತಿರವೂ ಇರುತ್ತದೆ’ ಎಂದು ಹಿಂದೆ ಸರಿಯಬೇಡಿ. ಆ ಗುಂಪಿನ ರೋಗಿಗಳೂ ಅಷ್ಟೇ ಹೆಚ್ಚು. ಒಂದು ಚೀಲದಿಂದ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಮೂರನ್ನೂ ಬೇರ್ಪಡಿಸಬಹುದು. ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ, ಕೂಡಿಟ್ಟು ಆಪತ್ಕಾಲಕ್ಕೆ ಬಳಸೋಣ ಅನ್ನುವ ಹಾಗಿಲ್ಲ.

ಬರುವಾಗ ಗುರುತಿನ ಚೀಟಿ ತನ್ನಿ, ಮೊಣಕೈ ಮೇಲಕ್ಕೆ ಸರಿಸಬಹುದಾದ ಸಡಿಲ ತೋಳಿನ ಬಟ್ಟೆ ಹಾಕಿ. ನೋಂದಣಿಯಿಂದ ಉಪಾಹಾರದವರೆಗೆ ಒಟ್ಟು ಒಂದು ಗಂಟೆ ಹಿಡಿಯುತ್ತದೆ. ಹತ್ತೂವರೆಯಿಂದ ಹನ್ನೆರಡರವರೆಗೆ ನೂಕುನುಗ್ಗಲು ಹೆಚ್ಚು, ಆದಷ್ಟು ಒಂಬತ್ತಕ್ಕೇ ಬನ್ನಿ. ಶನಿವಾರ ಸಂಜೆ 7ರೊಳಗೆ ಭವನದ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು, ಮನೆ ಸಂಖ್ಯೆ, ಬರುವ ಸಮಯ ಬರೆದುಬಿಡಿ. ಅದನ್ನು ನೋಡಿಯೇ ಎಷ್ಟು ಚೀಲ ತರಬೇಕೆಂದು ರಕ್ತನಿಧಿಯವರಿಗೆ ತಿಳಿಸುತ್ತೇವೆ.

– ಶಿಬಿರ ಸಮಿತಿ, ನಿವಾಸಿಗಳ ಸಂಘ